ಶಿವರಾತ್ರಿಯ ಸಂದೇಶದಲ್ಲಿ ತೆರೆ ಹಾಕುವ ಹೊತ್ತು

*ಪ್ರಶ್ನೆ: ನಮ್ಮದು ಬೆಂಗಳೂರಿನ ಬಡಾವಣೆಯೊಂದರ ಈಶ್ವರ ದೇವಸ್ಥಾನದ ಟ್ರಸ್ಟ್. ಶಿವರಾತ್ರಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ ಎಲ್ಲ ಭಕ್ತರಿಗೂ ಪೂಜಾ ಸಮಯ ಕಳಿಸಿದ್ದೆವು. ಆದರೂ ಕೆಲವರು ಮೂರನೇ ಯಾಮಕ್ಕೆಂದು ಮಧ್ಯಾಹ್ನವೇ ಬಂದರು. ರಾತ್ರಿ ಒಂಬತ್ತಕ್ಕೆ ಸಾಲು ಮುಖ್ಯರಸ್ತೆ ಮುಟ್ಟಿತ್ತು, ಹನ್ನೊಂದೂವರೆಗೆ ನೋಡಿದರೆ ಪ್ರಾಂಗಣ ಖಾಲಿ. ಮೆಸೇಜೇ ಬರಲಿಲ್ಲ ಅಂದವರೂ ಬಹಳ. ನಾವು ಕಳಿಸಿದ್ದು ಇದು: "ದಿನಾಂಕ 15-02-2026ರಂದು ಶಿವರಾತ್ರಿ ಪ್ರಯುಕ್ತ ಬೆಳಿಗ್ಗೆ 5ಕ್ಕೆ ರುದ್ರಾಭಿಷೇಕ, 6.30ಕ್ಕೆ ಮೊದಲ ಯಾಮ, 9.30ಕ್ಕೆ ಎರಡನೇ ಯಾಮ, 12.30ಕ್ಕೆ ಮೂರನೇ ಯಾಮ, 3.30ಕ್ಕೆ ನಾಲ್ಕನೇ ಯಾಮ ಪೂಜೆ ನೆರವೇರಲಿದ್ದು, ಸಕಲ ಭಕ್ತಾದಿಗಳು ಸರಿಯಾದ ಸಮಯಕ್ಕೆ ಆಗಮಿಸಿ ಸರತಿ ಸಾಲಿನಲ್ಲಿ ಬಂದು ಸಹಕರಿಸಬೇಕಾಗಿ ವಿನಂತಿ." ಇದರಲ್ಲಿ ಎಲ್ಲಿ ತಪ್ಪಿದೆ, ಮುಂದಿನ ಸಲ ಹೇಗೆ ಬರೆಯಬೇಕು?*

ನಿಮ್ಮ ಸಂದೇಶದಲ್ಲಿ ಐದು ಹೊತ್ತುಗಳಿವೆ, ಐದೂ ಅರ್ಚಕರಿಗೆ ಬೇಕಾದವು. ಮನೆಯಲ್ಲಿ ಕೂತು "ಯಾವಾಗ ಹೊರಡೋಣ" ಎಂದು ಯೋಚಿಸುವವರಿಗೆ ಬೇಕಾದದ್ದು ಬೇರೆ: ಎಷ್ಟು ಹೊತ್ತಿಗೆ ಬಂದರೆ ಸಾಲು ಸಾಗುತ್ತಿರುತ್ತದೆ, ಎಷ್ಟು ಹೊತ್ತಿಗೆ ಬಂದರೆ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಸಾಲು ನಿಲ್ಲುವುದು ಅಭಿಷೇಕದ ಹೊತ್ತಿನಲ್ಲಲ್ಲ. ಅಭಿಷೇಕ ಮುಗಿದು ಅಲಂಕಾರಕ್ಕೆ ತೆರೆ ಬಿದ್ದಾಗ. ಆ ಹೊತ್ತನ್ನು ಬಹುತೇಕ ಯಾವ ಟ್ರಸ್ಟೂ ಸಂದೇಶದಲ್ಲಿ ಹಾಕುವುದಿಲ್ಲ.

ಮೊದಲು ಮಧ್ಯಾಹ್ನ ಬಂದವರ ವಿಷಯ, ಅದು ಸುಲಭ. ನೀವು ಮೇಲೆ 15ನೇ ತಾರೀಕು ಬರೆದು ಕೆಳಗೆ ಬರೀ 12.30 ಅಂದಿರಿ. ಹಗಲು ರಾತ್ರಿ ಹೇಳಿದ್ದು ಬೆಳಗಿನ ರುದ್ರಾಭಿಷೇಕಕ್ಕೆ ಮಾತ್ರ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಹಾಗಾಗಿ ಅರ್ಚಕರ ಲೆಕ್ಕದಲ್ಲಿ ಮೂರನೇ ಯಾಮವೂ ನಾಲ್ಕನೇ ಯಾಮವೂ ಭಾನುವಾರವೇ. ಫೋನಿನ ಕ್ಯಾಲೆಂಡರಿನಲ್ಲಿ ಅವು ಸೋಮವಾರ, 16ನೇ ತಾರೀಕು. ಇಬ್ಬರೂ ಸರಿ. ಆದರೆ ಸಂದೇಶ ಓದುವವರು ಈ ಎರಡು ಲೆಕ್ಕದಲ್ಲಿ ಯಾವುದನ್ನು ಹಿಡಿಯುತ್ತಾರೋ ಹೇಳಲಾಗದು. 3.30 ಅಂದರೆ 15ರ ನಸುಕಿಗೆ ಬಂದು ಬಾಗಿಲು ತಟ್ಟುವವರೂ ಇರುತ್ತಾರೆ, 15ರ ಮಧ್ಯಾಹ್ನ ಬರುವವರೂ ಇರುತ್ತಾರೆ. ಆದ್ದರಿಂದ ಮಧ್ಯರಾತ್ರಿ ದಾಟಿದ ಪ್ರತಿ ಹೊತ್ತಿಗೂ ವಾರ, ತಾರೀಕು, ದಿನದ ಭಾಗ ಮೂರನ್ನೂ ಹಾಕಿ: "ಭಾನುವಾರ ರಾತ್ರಿ ಕಳೆದು, ಸೋಮವಾರ 16ರ ನಸುಕಿನ 3.35". ಉದ್ದವಾಯಿತು ಅನಿಸಿದರೂ ಪರವಾಗಿಲ್ಲ. ಎ.ಎಂ., ಪಿ.ಎಂ. ಹಾಕಿದರೆ ಸಾಲದು, ಮಧ್ಯರಾತ್ರಿ 12.30 ಎ.ಎಮ್ಮೋ ಪಿ.ಎಮ್ಮೋ ಎಂದು ಓದಿದವರಿಗೇ ಗೊಂದಲವಾಗುತ್ತದೆ.

ಇನ್ನು ಹೊತ್ತುಗಳ ಲೆಕ್ಕ. ಯಾಮ ಅಂದರೆ ಸೂರ್ಯಾಸ್ತದಿಂದ ಮರುದಿನದ ಸೂರ್ಯೋದಯದವರೆಗಿನ ರಾತ್ರಿಯ ನಾಲ್ಕನೇ ಒಂದು ಭಾಗ. ಫೆಬ್ರವರಿ ಮಧ್ಯದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸುಮಾರು 6.26ಕ್ಕೆ, ಹುಟ್ಟುವುದು ಸುಮಾರು 6.38ಕ್ಕೆ. ಅಂದರೆ ರಾತ್ರಿ 12 ಗಂಟೆ 12 ನಿಮಿಷ, ಒಂದೊಂದು ಯಾಮ 3 ಗಂಟೆ 3 ನಿಮಿಷ. ಯಾಮಗಳ ಗಡಿ 9.29, 12.32, 3.35ಕ್ಕೆ ಬೀಳುತ್ತದೆ. ನಿಶೀಥ ಕಾಲ ಯಾವಾಗ ಎಂದು ಫೋನ್ ಮಾಡಿ ಕೇಳುವವರು ಪ್ರತಿವರ್ಷ ಇದ್ದೇ ಇರುತ್ತಾರಲ್ಲ, ಅದೂ ಇದೇ ಲೆಕ್ಕದಲ್ಲಿ ಸಿಗುತ್ತದೆ. ರಾತ್ರಿಯನ್ನು ಹದಿನೈದು ಮುಹೂರ್ತ ಮಾಡಿದರೆ ಒಂದು ಮುಹೂರ್ತ 49 ನಿಮಿಷಕ್ಕೆ ತುಸು ಕಡಿಮೆ. ಅದರಲ್ಲಿ ಎಂಟನೆಯದು ನಿಶೀಥ, ಅಂದರೆ ಸುಮಾರು 12.08ರಿಂದ 12.56. ಅದು ಎರಡನೇ ಯಾಮದ ಕೊನೆ ಮತ್ತು ಮೂರನೇ ಯಾಮದ ಆರಂಭದ ಮೇಲೆ ಹರಡಿಕೊಂಡಿರುತ್ತದೆ. ನಿಮ್ಮ ದೇವಸ್ಥಾನ ಅನುಸರಿಸುವ ಪಂಚಾಂಗದಲ್ಲಿ ಒಂದೆರಡು ನಿಮಿಷ ಹೆಚ್ಚುಕಡಿಮೆ ಇದ್ದರೆ ಅದನ್ನೇ ಹಾಕಿ, ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನು ಹಾಕಬೇಡಿ. ಬೇರೆ ಊರಿನ ಸೂರ್ಯಾಸ್ತ ಹಿಡಿದು ಮಾಡಿದ ಪಟ್ಟಿ ನಿಮ್ಮ ಊರಿಗೆ ಹೊಂದುವುದಿಲ್ಲ. ವಿದೇಶದಲ್ಲಿರುವ ನಿಮ್ಮ ಭಕ್ತರಿಗೂ ಇದೇ ಸಂದೇಶ ಹೋಗುತ್ತದಾದರೆ "ಭಾರತೀಯ ಕಾಲಮಾನ" ಎಂದೊಂದು ಮಾತು ಸೇರಿಸಿ. ಸೇವೆಗೆ ದುಡ್ಡು ಕಟ್ಟಿ ಲೈವ್ ನೋಡುವವರು ಅವರೇ.

ಒಂದು ಮಾತು ಇಲ್ಲೇ ಹೇಳಬೇಕು. ಗವಿಪುರದ ಗಂಗಾಧರೇಶ್ವರನಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗ ಮುಟ್ಟುತ್ತದೆ. ಅದು ಕೆಲವೇ ನಿಮಿಷದ ಮಾತು, ತಪ್ಪಿದರೆ ಮುಂದಿನ ವರ್ಷ. ಯಾಮ ಪೂಜೆ ಅಂಥದ್ದಲ್ಲ, ಅದು ಮೂರು ಗಂಟೆ ಉದ್ದ. ಆದರೆ "9.30ಕ್ಕೆ ಎರಡನೇ ಯಾಮ" ಎಂದು ಬರೆದರೆ ಜನ ಅದನ್ನು ಸಂಕ್ರಾಂತಿಯ ಬಿಸಿಲಿನ ಹಾಗೆ ಓದುತ್ತಾರೆ, 9.30ಕ್ಕೆ ತಪ್ಪಿಸಿದರೆ ಮುಗಿಯಿತು ಎಂದು. "ಸರಿಯಾದ ಸಮಯಕ್ಕೆ ಆಗಮಿಸಿ" ಎಂದು ಬೇರೆ ಸೇರಿಸಿದಿರಿ. ಒಂಬತ್ತಕ್ಕೆ ಸಾಲು ಮುಖ್ಯರಸ್ತೆ ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ, ನೀವೇ ಕರೆದಿರಿ.

ಸಂದೇಶ ಬರೆಯುವ ಮೊದಲು ಪ್ರಧಾನ ಅರ್ಚಕರ ಜೊತೆ ಅರ್ಧ ಗಂಟೆ ಕೂತು ಒಂದೊಂದು ಯಾಮವನ್ನೂ ಬಿಡಿಸಿ ಬರೆದುಕೊಳ್ಳಿ. ಕೇಳಬೇಕಾದ್ದು ಮೂರೇ. ಅಭಿಷೇಕ ಎಷ್ಟು ಹೊತ್ತು? ನಮಕ ಚಮಕ ಒಂದು ಆವರ್ತನೆಯೋ ಹೆಚ್ಚೋ ಎನ್ನುವುದರ ಮೇಲೆ ಇದು ನಿಂತಿದೆ. ತೆರೆ ಎಷ್ಟು ಹೊತ್ತು? ಮಹಾಮಂಗಳಾರತಿ ಎಷ್ಟು ಹೊತ್ತು? ಉದಾಹರಣೆಗೆ ಅಭಿಷೇಕ ಒಂದು ಗಂಟೆ, ಅಲಂಕಾರಕ್ಕೆ ತೆರೆ 25 ನಿಮಿಷ, ಮಂಗಳಾರತಿ 10 ನಿಮಿಷ ಎಂದುಕೊಳ್ಳೋಣ. ಅಭಿಷೇಕ ನಡೆಯುವಾಗ ಜನ ನೋಡುತ್ತಾ ಮುಂದೆ ಸಾಗಬಹುದು. ತೆರೆ ಬಿದ್ದಾಗ ಯಾರೂ ಸಾಗುವುದಿಲ್ಲ. ಮಂಗಳಾರತಿಯಲ್ಲಿ ನವರಂಗದೊಳಗೆ ನಿಂತವರು ಕದಲುವುದಿಲ್ಲ, ಹೊರಗಿನವರು ಒಳಗೆ ಬರಲಾಗುವುದಿಲ್ಲ. ಹೀಗೆ ಯಾಮಕ್ಕೆ 35 ನಿಮಿಷ ಸಾಲು ಸತ್ತುಹೋಗುತ್ತದೆ. ಅಭಿಷೇಕ 6.30, 9.30, 12.35, 3.35ಕ್ಕೆ ಶುರುವಾದರೆ ಸಾಲು ನಿಲ್ಲುವ ಹೊತ್ತುಗಳು 7.30ರಿಂದ 8.05, 10.30ರಿಂದ 11.05, 1.35ರಿಂದ 2.10, 4.35ರಿಂದ 5.10. ಈ ನಾಲ್ಕು ಸಾಲು ಸಂದೇಶದ ಜೀವ.

ಈ ಹೊತ್ತುಗಳನ್ನು ಹೇಳುವುದರಿಂದ ಏನಾಗುತ್ತದೆ ಎನ್ನುವುದಕ್ಕೆ ಸ್ವಲ್ಪ ಗುಣಾಕಾರ ಬೇಕು. ಜನಸಂದಣಿ ಇರುವ ಒಂದು ಸೋಮವಾರ ಸಂಜೆ ಗರ್ಭಗುಡಿಯ ಪಕ್ಕದಲ್ಲಿ ಒಬ್ಬರನ್ನು ಗಡಿಯಾರ ಕೊಟ್ಟು ನಿಲ್ಲಿಸಿ, ಹತ್ತು ನಿಮಿಷದಲ್ಲಿ ಎಷ್ಟು ಜನ ದರ್ಶನ ಮಾಡಿ ದಾಟಿದರು ಎಂದು ಎಣಿಸಲಿ. 160 ಬಂತು ಎಂದುಕೊಳ್ಳಿ, ನಿಮಿಷಕ್ಕೆ 16. ತೀರ್ಥವನ್ನೂ ಅಲ್ಲೇ ಕೊಡುತ್ತಿದ್ದರೆ ಇದು ಅರ್ಧಕ್ಕೆ ಇಳಿದಿರುವುದು ನಿಮಗೇ ಕಾಣುತ್ತದೆ. ಕೈ ಚಾಚಿ, ಉದ್ಧರಣೆಯಲ್ಲಿ ಹಾಕಿಸಿಕೊಂಡು, ಕುಡಿದು, ತಲೆಗೆ ಸವರಿಕೊಂಡು ಮುಂದೆ ಹೋಗುವುದಕ್ಕೆ ಒಬ್ಬರಿಗೆ ಏಳೆಂಟು ಸೆಕೆಂಡು ಹಿಡಿಯುತ್ತದೆ. ಶಿವರಾತ್ರಿಯ ದಿನ ತೀರ್ಥವನ್ನು ನವರಂಗ ದಾಟಿದ ಮೇಲೆ, ಹೊರಬಾಗಿಲ ಬಳಿ ಇಬ್ಬರ ಕೈಲಿ ಕೊಡಿಸಿ. ಹಾಲಿನ ಪ್ಯಾಕೆಟ್ಟು ಇನ್ನೂ ಕಷ್ಟ. ಗರ್ಭಗುಡಿಯ ಎದುರು ನಿಂತು ಹಲ್ಲಲ್ಲಿ ಕಚ್ಚಿ ಹರಿಯುವವರೊಬ್ಬರು ಬಂದರೆ ಹಿಂದಿನ ನಾಲ್ಕೈದು ಜನ ನಿಂತ ಹಾಗೆಯೇ, ಜೊತೆಗೆ ನೆಲದ ಮೇಲೆ ಚೆಲ್ಲಿದ ಹಾಲಿಗೆ ಯಾರಾದರೂ ಜಾರುತ್ತಾರೆ. ಹಾಲು, ಎಳನೀರು, ಬಿಲ್ವಪತ್ರೆ ಎಲ್ಲವನ್ನೂ ಪ್ರವೇಶದ ಕೌಂಟರಿನಲ್ಲೇ ತೆಗೆದುಕೊಳ್ಳುವುದಾಗಿ ಸಂದೇಶದಲ್ಲೇ ಹೇಳಿ. ಬಾಗಿಲಿಗೆ ಬಂದ ಮೇಲೆ ಹೇಳಿದರೆ ವಾದಕ್ಕೆ ನಿಲ್ಲುತ್ತಾರೆ, ಮನೆಯಲ್ಲೇ ಓದಿಕೊಂಡು ಬಂದವರು ಸುಮ್ಮನೆ ಕೊಟ್ಟುಹೋಗುತ್ತಾರೆ.

ಈಗ ಸಂಜೆ 7ರಿಂದ 9ರವರೆಗೆ ನಿಮಿಷಕ್ಕೆ 25 ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಎರಡು ಗಂಟೆಗೆ 3,000 ಜನ. ಅದೇ ಎರಡು ಗಂಟೆಯಲ್ಲಿ ತೆರೆ ಮತ್ತು ಮಂಗಳಾರತಿಗೆ 35 ನಿಮಿಷ ಕಳೆದು ಉಳಿದದ್ದು 85 ನಿಮಿಷ, ದರ್ಶನವಾದವರು 1,360. ಒಂಬತ್ತಕ್ಕೆ ಸಾಲಿನಲ್ಲಿ 1,640 ಜನ ನಿಂತಿದ್ದಾರೆ. ಇಬ್ಬಿಬ್ಬರಂತೆ ನಿಂತರೆ ಒಂದು ಮೀಟರಿಗೆ ನಾಲ್ವರು, ಅಂದರೆ 410 ಮೀಟರು. ನಿಮ್ಮ ಮುಖ್ಯರಸ್ತೆ ಅಷ್ಟೇ ದೂರವಿರಬೇಕು.

ಒಂಬತ್ತಕ್ಕೆ ಬಾಲದಲ್ಲಿ ಸೇರಿಕೊಂಡವರ ಗತಿ ನೋಡಿ. ಸಾಲು ಎಡೆಬಿಡದೆ ಸಾಗಿದರೆ 102 ನಿಮಿಷ ಸಾಕು. ಆದರೆ 10.30ಕ್ಕೆ ಎರಡನೇ ತೆರೆ ಬೀಳುತ್ತದೆ. ಅಷ್ಟರೊಳಗೆ 1,440 ಜನ ದಾಟಿರುತ್ತಾರೆ, ಕೊನೆಯ 200 ಜನ ಬಾಗಿಲ ಹತ್ತಿರ ಬಂದು ಸಿಕ್ಕಿಬೀಳುತ್ತಾರೆ. ಅವರಲ್ಲಿ ಕೊನೆಯವರಿಗೆ ದರ್ಶನವಾಗುವುದು 11.17ರ ಸುಮಾರಿಗೆ, 2 ಗಂಟೆ 17 ನಿಮಿಷ ನಿಂತ ಮೇಲೆ. ಉಪವಾಸದ ದಿನ, ಕೈಯಲ್ಲಿ ಮಗು, ಎದುರಿಗೆ ಬಾಗಿಲು ಕಾಣುತ್ತಿದೆ, ಸಾಲು ಕದಲುತ್ತಿಲ್ಲ, ಯಾಕೆಂದು ಯಾರೂ ಹೇಳುತ್ತಿಲ್ಲ. ಬ್ಯಾರಿಕೇಡ್ ಮೇಲೆ ಒತ್ತಡ ಬೀಳುವುದು, ಪಕ್ಕದಿಂದ ನುಗ್ಗುವುದು, ಸ್ವಯಂಸೇವಕರ ಜೊತೆ ಜಗಳ ಎಲ್ಲ ಶುರುವಾಗುವುದು ಈ 200 ಜನರ ನಡುವೆ.

ಇದೇ 3,000ದಲ್ಲಿ 600 ಜನ, ಅಂದರೆ ಐದರಲ್ಲೊಬ್ಬರು, ಸಂದೇಶ ಓದಿ 11.05ರ ನಂತರ ಬರುವುದೆಂದು ತೀರ್ಮಾನಿಸಿದರು ಎಂದುಕೊಳ್ಳಿ. ಒಂಬತ್ತಕ್ಕೆ ಸಾಲಿನಲ್ಲಿರುವವರು 1,040. ಬಾಲದಲ್ಲಿದ್ದವರಿಗೆ 65 ನಿಮಿಷ, 10.05ಕ್ಕೆ ದರ್ಶನ, ತೆರೆ ಬೀಳುವ ಮೊದಲೇ. ಐದನೇ ಒಂದು ಭಾಗ ಜನ ಸರಿದದ್ದಕ್ಕೆ ಕಾಯುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಯಿತು, ಸಾಲು 260 ಮೀಟರಿಗೆ ಇಳಿಯಿತು. ನಿಮ್ಮ ಪ್ರಾಂಗಣ ಹನ್ನೊಂದೂವರೆಗೆ ಹೇಗೂ ಖಾಲಿ ಇತ್ತಲ್ಲ, ಈ 600 ಜನಕ್ಕೆ ಅಲ್ಲಿ ಜಾಗವಿತ್ತು. ಎಲ್ಲರನ್ನೂ ಒಪ್ಪಿಸಬೇಕಿಲ್ಲ. ವಯಸ್ಸಾದವರು, ಶಾಲೆಗೆ ಹೋಗುವ ಮಕ್ಕಳಿರುವವರು ಹೇಗೂ ಎಂಟಕ್ಕೇ ಬರುತ್ತಾರೆ. ಜಾಗರಣೆ ಮಾಡುವ ಹುಡುಗರು ಹನ್ನೊಂದರ ಮೇಲೆ ಬಂದರೆ ಸಾಕು, ಅವರಿಗೆ ಅದು ಸುಲಭ ಎಂದು ಯಾರೋ ಹೇಳಬೇಕು ಅಷ್ಟೆ.

ಹೇಳುವ ರೀತಿಯೂ ಮುಖ್ಯ. "ತಡವಾಗಿ ಬನ್ನಿ" ಎಂದರೆ ಯಾರೂ ಕೇಳುವುದಿಲ್ಲ, ತಪ್ಪಿಹೋದೀತೆಂಬ ಭಯ. "ರಾತ್ರಿಯಿಡೀ ದರ್ಶನವಿದೆ, ಬಾಗಿಲು ಮುಚ್ಚುವುದಿಲ್ಲ, ಸೋಮವಾರ ಬೆಳಿಗ್ಗೆ 6.40ರವರೆಗೂ ಬರಬಹುದು" ಎಂದರೆ ಆ ಭಯ ಹೋಗುತ್ತದೆ. "ಕೊನೆಯ ಪೂಜೆ", "ಬೇಗ ಬನ್ನಿ", "ಸೀಮಿತ ಪ್ರವೇಶ" ಎಂಬ ಮಾತುಗಳು ಸಂದೇಶದಲ್ಲಿ ಕಾಣಿಸಲೇಬಾರದು, ಅವು ನೂಕುನುಗ್ಗಲನ್ನು ಮನೆಯಿಂದಲೇ ಹೊರಡಿಸುತ್ತವೆ. ಮಹಾಮಂಗಳಾರತಿಯ ನಿಮಿಷವನ್ನು ಎದ್ದು ಕಾಣುವಂತೆ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. ಅದನ್ನು ಹಾಕಿದರೆ ಆ ಹತ್ತು ನಿಮಿಷಕ್ಕೆ ಹಿಂದೆಮುಂದೆ ಎಲ್ಲರೂ ನವರಂಗದೊಳಗೆ ಇರಲು ನೋಡುತ್ತಾರೆ. ಸೇವಾ ರಶೀದಿ ಪಡೆದವರಿಗೆ ಬೇರೆಯಾಗಿ ತಿಳಿಸಿದರಾಯಿತು.

ತೆರೆಯ 25 ನಿಮಿಷವನ್ನೇ ಕಡಿಮೆ ಮಾಡಬಹುದೇ ಎಂದು ಅರ್ಚಕರನ್ನು ಕೇಳಿ ನೋಡಬಹುದು. ಮೊದಲ ಯಾಮದಲ್ಲಿ ವಿಭೂತಿ, ಬಿಲ್ವದಷ್ಟೇ ಸರಳ ಅಲಂಕಾರ, ಎರಡನೇ ಯಾಮದಲ್ಲಿ ಪೂರ್ಣ ಅಲಂಕಾರ ಎಂದು ಕೆಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಒತ್ತಾಯ ಬೇಡ, ಆ ತೀರ್ಮಾನ ಅವರದು. ಟ್ರಸ್ಟಿನ ಕೆಲಸ ಇರುವ ಹೊತ್ತನ್ನು ಸರಿಯಾಗಿ ಹೇಳುವುದು.

ಇನ್ನು "ಮೆಸೇಜೇ ಬರಲಿಲ್ಲ" ಅಂದವರು. ಅವರು ಸುಳ್ಳು ಹೇಳಿಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸಿದ್ದು ತಲುಪುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ನೀವು ಅವರ ನಂಬರು ಸೇವ್ ಮಾಡಿಕೊಂಡರೆ ಸಾಲದು. ತಲುಪದಿದ್ದರೆ ನಿಮಗೆ ಯಾವ ಸೂಚನೆಯೂ ಬರುವುದಿಲ್ಲ. ಹೋಗಿದೆ ಎಂದು ನೀವು ಅಂದುಕೊಳ್ಳುತ್ತೀರಿ, ಅಷ್ಟೇ. ಒಂದು ಲಿಸ್ಟಿಗೆ 256 ಜನರ ಮಿತಿಯೂ ಇದೆ. ಎಷ್ಟು ಜನರಿಗೆ ಮುಟ್ಟಿದೆ ನೋಡಬೇಕಾದರೆ ಕಳಿಸಿದ ಸಂದೇಶವನ್ನು ಒತ್ತಿಹಿಡಿದು ಮಾಹಿತಿ ತೆರೆಯಿರಿ. ತಲುಪಿದವರ ಹೆಸರುಗಳು ಅಲ್ಲಿರುತ್ತವೆ. 256ರಲ್ಲಿ 90 ಹೆಸರು ಕಂಡರೆ ಉಳಿದವರಲ್ಲಿ ಬಹುತೇಕರು ನಿಮ್ಮ ನಂಬರು ಉಳಿಸಿಕೊಂಡಿಲ್ಲ ಎಂದೇ ತಿಳಿಯಿರಿ. ಇದಕ್ಕೆ ಪರಿಹಾರ ಹಬ್ಬದ ವಾರದಲ್ಲಿ ಸಿಗುವುದಿಲ್ಲ. ಸೇವಾ ಕೌಂಟರಿನಲ್ಲಿ ರಶೀದಿ ಬರೆಯುವಾಗಲೇ "ಈ ನಂಬರನ್ನು ದೇವಸ್ಥಾನ ಎಂದು ಸೇವ್ ಮಾಡಿಕೊಳ್ಳಿ, ಒಂದು ನಮಸ್ಕಾರ ಕಳಿಸಿ" ಎಂದು ವರ್ಷವಿಡೀ ಹೇಳುತ್ತಾ ಬರಬೇಕು. ಅದಕ್ಕಿಂತ ಸುಲಭ ಎಂದರೆ ವಾಟ್ಸಾಪ್ ಚಾನೆಲ್ ಮಾಡಿ ಅದರ ಕ್ಯೂಆರ್ ಕೋಡನ್ನು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಅಂಟಿಸುವುದು. ಚಾನೆಲ್ಲಿಗೆ ನಂಬರು ಸೇವ್ ಆಗಿರಬೇಕಿಲ್ಲ, ಭಕ್ತರ ನಂಬರು ಒಬ್ಬರಿಗೊಬ್ಬರಿಗೆ ಕಾಣುವುದೂ ಇಲ್ಲ. ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಅದು ಬೇಡ.

ಎಸ್ಸೆಮ್ಮೆಸ್ ಕೂಡ ಕಳಿಸುವುದಾದರೆ ಎರಡು ವಿಷಯ ಗೊತ್ತಿರಲಿ. ಸಗಟು ಎಸ್ಸೆಮ್ಮೆಸ್ಸಿಗೆ ಟ್ರಾಯ್ ನಿಯಮದಂತೆ ಟ್ರಸ್ಟಿನ ಹೆಸರು, ಕಳಿಸಿದವರ ಗುರುತಾಗಿ ಕಾಣುವ ಹೆಡರ್, ಸಂದೇಶದ ನಮೂನೆ ಮೂರೂ ಡಿಎಲ್‌ಟಿ ಎಂಬ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಣಿಯಾಗಿರಬೇಕು. ಹಬ್ಬದ ಹಿಂದಿನ ದಿನ ಹೊಸ ನಮೂನೆ ಒಪ್ಪಿಗೆಯಾಗುತ್ತದೆಂದು ನಂಬಿ ಕೂರಬೇಡಿ. ಹೊತ್ತಿನ ಜಾಗವನ್ನು ಆಮೇಲೆ ತುಂಬುವಂತೆ ಬಿಟ್ಟ ಒಂದು ನಮೂನೆಯನ್ನು ತಿಂಗಳ ಮೊದಲೇ ಒಪ್ಪಿಸಿಟ್ಟುಕೊಂಡರೆ ಆ ರಾತ್ರಿಯ ಬದಲಾವಣೆಯನ್ನೂ ಅದರಲ್ಲೇ ಕಳಿಸಬಹುದು. ಎರಡನೆಯದು ಅಕ್ಷರಗಳ ಲೆಕ್ಕ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160, ಕನ್ನಡದಲ್ಲಿ 70 ಮಾತ್ರ, ಉದ್ದವಾಗಿ ಹೋದರೆ ಒಂದೊಂದು ತುಂಡಿಗೆ 67. ಅದೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. "ಶಿವರಾತ್ರಿ" ನಮ್ಮ ಕಣ್ಣಿಗೆ ನಾಲ್ಕಕ್ಷರ, ಎಸ್ಸೆಮ್ಮೆಸ್ ಲೆಕ್ಕದಲ್ಲಿ ಒಂಬತ್ತು. "ಸಕಲ ಭಕ್ತಾದಿಗಳು ಆಗಮಿಸಿ" ಎನ್ನುವುದಕ್ಕೇ ಒಂದು ತುಂಡಿನ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ, ಅದಕ್ಕೆ ದುಡ್ಡು ಕೊಡುವುದು ನೀವು.

ವಾಟ್ಸಾಪಿನಲ್ಲಿ ಇನ್ನೊಂದು ತೊಂದರೆ, ನಿಮ್ಮ ಸಂದೇಶ ನಿಮ್ಮ ಹೆಸರಿನಲ್ಲಿ ಉಳಿಯುವುದಿಲ್ಲ. ಫಾರ್ವರ್ಡ್ ಆದ ಕೂಡಲೇ ಕಳಿಸಿದವರು ಯಾರೆಂಬುದು ಅಳಿಸಿಹೋಗುತ್ತದೆ. ಊರಿನಲ್ಲಿ ಈಶ್ವರ ದೇವಸ್ಥಾನ ಹತ್ತಾರು. ಹಾಗಾಗಿ ದೇವಸ್ಥಾನ, ಬಡಾವಣೆ, ವಾರ, ತಾರೀಕು, ಇಸವಿ ಇಷ್ಟೂ ಸಂದೇಶದ ಮೊದಲ ಎರಡು ಸಾಲಿನೊಳಗೇ ಇರಲಿ. ಇಸವಿ ಬಿಟ್ಟರೆ ಮುಂದಿನ ವರ್ಷವೂ ಇದೇ ಸಂದೇಶ ತಿರುಗುತ್ತದೆ. ಬಣ್ಣದ ಪೋಸ್ಟರನ್ನು ಮಾತ್ರ ಕಳಿಸಬೇಡಿ. ಚಿತ್ರದಲ್ಲಿನ ಸಣ್ಣ ಅಕ್ಷರ ವಯಸ್ಸಾದವರಿಗೆ ಓದಲಾಗುವುದಿಲ್ಲ, ಫೋನಿನಲ್ಲಿ "ಯಾಮ" ಎಂದು ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಇಲ್ಲ. ಪಠ್ಯವನ್ನೇ ಕಳಿಸಿ, ಮೇಲೆ ಬೇಕಾದರೆ ದೇವರ ಚಿತ್ರ ಇರಲಿ. ದೇಣಿಗೆಯ ಯುಪಿಐ ಕೋಡನ್ನು ಮಾತ್ರ ಈ ಸಂದೇಶದ ಜೊತೆ ಹಾಕಬೇಡಿ. ಫಾರ್ವರ್ಡಿನ ದಾರಿಯಲ್ಲಿ ಯಾರಾದರೂ ಕೋಡು ಬದಲಿಸಿದರೆ ಸಂದೇಶ ನಿಮ್ಮದೇ ಆಗಿರುತ್ತದೆ, ದುಡ್ಡು ಬೇರೆ ಕಡೆ ಹೋಗುತ್ತದೆ.

ಹಾಗಾದರೆ ನಿಮ್ಮ ಸಂದೇಶ ಹೀಗಿರಬಹುದಿತ್ತು. ನಕ್ಷತ್ರ ಚಿಹ್ನೆಯ ನಡುವಿನದು ವಾಟ್ಸಾಪಿನಲ್ಲಿ ದಪ್ಪಕ್ಷರವಾಗಿ ಕಾಣುತ್ತದೆ. ಬಿಟ್ಟ ಜಾಗದಲ್ಲಿ ನಿಮ್ಮ ಹೆಸರುಗಳನ್ನು ತುಂಬಿಕೊಳ್ಳಿ.

```
*ಶ್ರೀ ಈಶ್ವರ ದೇವಸ್ಥಾನ, ______ ಬಡಾವಣೆ, ಬೆಂಗಳೂರು*
*ಮಹಾಶಿವರಾತ್ರಿ: ಭಾನುವಾರ, 15 ಫೆಬ್ರವರಿ 2026*

ರಾತ್ರಿಯಿಡೀ ದರ್ಶನವಿದೆ. ಸೋಮವಾರ ಬೆಳಿಗ್ಗೆ
6.40ರವರೆಗೆ ಬಾಗಿಲು ಮುಚ್ಚುವುದಿಲ್ಲ.

*ಅಲಂಕಾರಕ್ಕೆ ತೆರೆ ಇರುವ, ಸಾಲು ನಿಲ್ಲುವ ಹೊತ್ತು*
ಭಾನುವಾರ ರಾತ್ರಿ 7.30 - 8.05
ಭಾನುವಾರ ರಾತ್ರಿ 10.30 - 11.05
ಮಧ್ಯರಾತ್ರಿ ದಾಟಿ, ಸೋಮವಾರ 16ರ 1.35 - 2.10
ಸೋಮವಾರ 16ರ ನಸುಕು 4.35 - 5.10

*ಸಾಲು ಕಡಿಮೆ ಇರುವ ಹೊತ್ತು*
ಭಾನುವಾರ ರಾತ್ರಿ 11.05ರ ನಂತರ

*ಯಾಮ ಅಭಿಷೇಕ ಆರಂಭ*
ಸಂಜೆ 6.30, ರಾತ್ರಿ 9.30,
ಮಧ್ಯರಾತ್ರಿ ದಾಟಿ, ಸೋಮವಾರ 16ರ 12.35, ನಸುಕು 3.35
(ಅಭಿಷೇಕದ ಹೊತ್ತಿನಲ್ಲೂ ದರ್ಶನ ಇರುತ್ತದೆ)

*ಸಾಲು ಶುರು:* ______ ಅಡ್ಡರಸ್ತೆ ಕಡೆಯ ಬಾಗಿಲು
*70 ದಾಟಿದವರು, ಗರ್ಭಿಣಿಯರು, ಕೈಗೂಸಿನ ತಾಯಂದಿರು:*
______ ಕಡೆಯ ಬಾಗಿಲು, ಜೊತೆಗೆ ಒಬ್ಬರು
*ಹಾಲು, ಎಳನೀರು, ಬಿಲ್ವ:* ಪ್ರವೇಶದ ಕೌಂಟರಿನಲ್ಲಿ ಕೊಡಿ
*ತೀರ್ಥ, ಪ್ರಸಾದ:* ಹೊರಬಾಗಿಲಲ್ಲಿ

ಬದಲಾವಣೆ ಇದ್ದರೆ "ತಿದ್ದುಪಡಿ 1" ಎಂದು ಬರುತ್ತದೆ.
```

"ಸಹಕರಿಸಬೇಕಾಗಿ ವಿನಂತಿ" ಇದರಲ್ಲಿ ಇಲ್ಲ, ಬೇಕಾದರೆ ಕೊನೆಗೆ ಸೇರಿಸಿಕೊಳ್ಳಿ. ಸಹಕರಿಸುವುದೆಂದರೆ ಏನು ಮಾಡಬೇಕೆಂದು ಮೇಲಿನ ಸಾಲುಗಳು ಹೇಳಿವೆ. "ಜೊತೆಗೆ ಒಬ್ಬರು" ಎನ್ನುವುದನ್ನು ಬಿಡಬೇಡಿ. ಅದಿಲ್ಲದಿದ್ದರೆ ಒಬ್ಬ ಅಜ್ಜಿಯ ಹಿಂದೆ ಎಂಟು ಜನರ ಸಂಸಾರ ಆ ಬಾಗಿಲಿಗೆ ಬರುತ್ತದೆ, ತಡೆದ ಸ್ವಯಂಸೇವಕ ಕೆಟ್ಟವನಾಗುತ್ತಾನೆ.

ಇದನ್ನು ಶನಿವಾರ ಸಂಜೆ ಏಳರ ಸುಮಾರಿಗೆ ಕಳಿಸಿ. ವಾರದ ಮೊದಲು ಕಳಿಸಿದ್ದು ಬೇರೆ ಸಂದೇಶಗಳ ಕೆಳಗೆ ಮುಳುಗಿರುತ್ತದೆ. ಸೇವೆ ಬುಕ್ ಮಾಡುವವರಿಗೆ ಮಾತ್ರ ಹತ್ತು ದಿನ ಮೊದಲು ಒಂದು ಬೇರೆ ಸಂದೇಶ ಸಾಕು, ಅದರಲ್ಲಿ ದರ್ಶನದ ಹೊತ್ತು ಬೇಡ.

ಆ ರಾತ್ರಿ ಹೊತ್ತು ಬದಲಾಗಿಯೇ ಆಗುತ್ತದೆ. ಅಭಿಷೇಕ ಇಪ್ಪತ್ತು ನಿಮಿಷ ಎಳೆಯುತ್ತದೆ, ಇಲ್ಲವೇ ವಿದ್ಯುತ್ ಹೋಗುತ್ತದೆ. ಆಗ ಹಳೆಯ ಸಂದೇಶವನ್ನು ತಿದ್ದಲು ಹೋಗಬೇಡಿ. ನಿಮ್ಮಲ್ಲಿ ತಿದ್ದಿದರೂ ಫಾರ್ವರ್ಡ್ ಆಗಿ ಹೋದ ಪ್ರತಿಗಳು ಹಾಗೆಯೇ ಇರುತ್ತವೆ. ಹೊಸದಾಗಿ ಕಳಿಸಿ, ಕಳಿಸಿದ ಹೊತ್ತು ಹಾಕಿ, ಯಾವುದು ರದ್ದು, ಯಾವುದು ಹೊಸದು ಎಂದು ಒಂದೇ ವಾಕ್ಯದಲ್ಲಿ ಹೇಳಿ: "ತಿದ್ದುಪಡಿ 1, ಭಾನುವಾರ ರಾತ್ರಿ 10.10. 10.30ಕ್ಕೆ ಎಂದಿದ್ದ ತೆರೆ 10.50ಕ್ಕೆ, 11.25ಕ್ಕೆ ದರ್ಶನ ಮತ್ತೆ ಶುರು. ಉಳಿದ ಹೊತ್ತುಗಳಲ್ಲಿ ಬದಲಾವಣೆಯಿಲ್ಲ." ಕಳಿಸುವ ಹಕ್ಕು ಒಬ್ಬರಿಗೇ ಇರಲಿ. ಕಾರ್ಯದರ್ಶಿಯೂ ಖಜಾಂಚಿಯೂ ಒಂದೊಂದು ಕಳಿಸಿದರೆ ಯಾವುದು ಕೊನೆಯದೆಂದು ಯಾರಿಗೂ ತಿಳಿಯುವುದಿಲ್ಲ.

ಸಾಲಿನಲ್ಲಿ ನಿಂತವರು ಫೋನು ನೋಡುತ್ತಿರುವುದಿಲ್ಲ, ಅವರಿಗೆ ಬೋರ್ಡೇ ಗತಿ. ನಿಮಿಷಕ್ಕೆ 16 ಜನ, ಮೀಟರಿಗೆ ನಾಲ್ವರು ಎಂದರೆ ಸಾಲು ನಿಮಿಷಕ್ಕೆ 4 ಮೀಟರು ಸಾಗುತ್ತದೆ. ಬಾಗಿಲಿಂದ 100 ಮೀಟರಿಗೆ ಒಂದು ಬೋರ್ಡು: "ಇಲ್ಲಿಂದ 25 ನಿಮಿಷ. ತೆರೆ ಬಿದ್ದರೆ ಇನ್ನೂ 35." 200, 300 ಮೀಟರಿಗೆ ಇನ್ನೆರಡು. ಬಾಲ 300 ಮೀಟರಿನ ಬೋರ್ಡು ದಾಟಿದಾಗ ಅಲ್ಲಿ ನಿಂತ ಸ್ವಯಂಸೇವಕರು ನಿಮಗೆ ಫೋನ್ ಮಾಡಲಿ. "ಈಗ ಕಾಯುವುದು ಒಂದೂಕಾಲು ಗಂಟೆ, 11.05ರ ನಂತರ ಸುಲಭ" ಎಂದು ಚಾನೆಲ್ಲಿನಲ್ಲಿ ಹಾಕುವುದಕ್ಕೆ ಅದೇ ಸರಿಯಾದ ಹೊತ್ತು. ಅದೇ ಸ್ವಯಂಸೇವಕರ ಕೈಲಿ ಒಂದು ಹಾಳೆ ಕೊಟ್ಟಿರಿ, ಅರ್ಧ ಗಂಟೆಗೊಮ್ಮೆ ಬಾಲ ಯಾವ ಬೋರ್ಡಿನ ಹತ್ತಿರವಿದೆ ಎಂದು ಬರೆದುಕೊಳ್ಳಲಿ. ನಾನು ಇಲ್ಲಿ ಊಹಿಸಿ ಹಾಕಿದ 25, 16ರ ಜಾಗದಲ್ಲಿ ನಿಮ್ಮ ದೇವಸ್ಥಾನದ ಅಂಕಿಗಳು ಆ ಹಾಳೆಯಿಂದ ಬರುತ್ತವೆ.